ಮುಚ್ಚಿಹೋಗುವ ಪೊಟ್ಯಾಸಿಯಂ ದಾರಿ

ಹೃದಯಾಘಾತದಿಂದ ಬದುಕಿ ಉಳಿದವರ ಇಸಿಜಿಯಲ್ಲಿ ನಡುನಡುವೆ ಒಂದೊಂದು ಬಡಿತ ಹೊತ್ತಿಗೆ ಮೊದಲೇ ಬಂದುಬಿಡುವುದುಂಟು. ಇಂಥ ಅಕಾಲದ ಬಡಿತಗಳು ಹೆಚ್ಚಾಗಿರುವವರು ಮುಂದೆ ಹಠಾತ್ತನೆ ಸಾಯುವ ಸಂಭವವೂ ಹೆಚ್ಚು ಎಂಬುದು 1970ರ ದಶಕದಲ್ಲೇ ವೈದ್ಯರಿಗೆ ತಿಳಿದಿತ್ತು. ಹಾಗಾದರೆ ಆ ಬಡಿತಗಳನ್ನು ಅಡಗಿಸಿದರೆ ಸಾವೂ ತಪ್ಪೀತು ಎನ್ನುವುದು ಸಹಜವಾದ ತರ್ಕ. ಫ್ಲೆಕೈನೈಡ್ ಮತ್ತು ಎನ್ಕೈನೈಡ್ ಎಂಬ ಎರಡು ಔಷಧಗಳು ಅವುಗಳನ್ನು ಚೆನ್ನಾಗಿಯೇ ಅಡಗಿಸುತ್ತಿದ್ದವು. ತರ್ಕವನ್ನು ಪರೀಕ್ಷೆಗೆ ಒಡ್ಡಲೆಂದು ಅಮೆರಿಕದಲ್ಲಿ ಕ್ಯಾಸ್ಟ್ ಎಂಬ ಅಧ್ಯಯನ ನಡೆಯಿತು. ಔಷಧಕ್ಕೆ ಬಡಿತಗಳು ಅಡಗಿದವೆಂದು ಮೊದಲೇ ಖಚಿತವಾದವರನ್ನಷ್ಟೇ ಆರಿಸಿಕೊಂಡು, ಅವರಲ್ಲಿ ಅರ್ಧದಷ್ಟು ಜನರಿಗೆ ನಿಜವಾದ ಔಷಧ, ಉಳಿದವರಿಗೆ ನೋಡಲು ಅದರಂತೆಯೇ ಇದ್ದ ಸಪ್ಪೆ ಮಾತ್ರೆ ಕೊಟ್ಟರು.

1989ರ ಏಪ್ರಿಲ್‌ನಲ್ಲಿ ಈ ಎರಡು ಔಷಧಗಳ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 1991ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಸರಾಸರಿ ಹತ್ತು ತಿಂಗಳಲ್ಲಿ ಸಪ್ಪೆ ಮಾತ್ರೆ ನುಂಗಿದ 743 ಜನರಲ್ಲಿ 26 ಮಂದಿ ಸತ್ತಿದ್ದರು. ಔಷಧ ನುಂಗಿದ 755 ಜನರಲ್ಲಿ ಸತ್ತವರು 63 ಮಂದಿ. ಇಸಿಜಿ ಚೊಕ್ಕಟವಾಗಿತ್ತು, ರೋಗಿ ಇರಲಿಲ್ಲ.

ಹೀಗೇಕಾಯಿತು ಎಂದು ತಿಳಿಯಬೇಕಾದರೆ ಹೃದಯದ ಒಂದು ಜೀವಕೋಶದೊಳಗೆ ಒಂದು ಬಡಿತದ ಅವಧಿಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ನೋಡಬೇಕು. ಇದು ಹಳೆಯ ಕಥೆಯಾಗಿ ಮುಗಿದಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಲಯ ಸರಿಪಡಿಸುವ ಔಷಧಗಳ ಒಂದು ವರ್ಗ ಹೃದಯಕೋಶದ ಯಾವ ಬಾಗಿಲನ್ನು ಮುಚ್ಚುತ್ತದೋ ಅದೇ ಬಾಗಿಲನ್ನು ಇಂದು ನಮ್ಮ ಮೆಡಿಕಲ್ ಶಾಪುಗಳಲ್ಲಿ ಚೀಟಿಯಿಲ್ಲದೆ ಸಿಗುವ ಹಲವು ಮಾತ್ರೆಗಳೂ ಮುಚ್ಚುತ್ತವೆ. ಒಂದೊಂದಾಗಿ ತೆಗೆದುಕೊಂಡರೆ ಅಪಾಯ ಚಿಕ್ಕದು. ಅವು ಒಬ್ಬರದೇ ದೇಹದಲ್ಲಿ ಒಟ್ಟುಗೂಡುವ ಸಂದರ್ಭಗಳು ಹೆಚ್ಚುತ್ತಿವೆ.

ಹೃದಯದ ಕೆಳಗಿನ ದೊಡ್ಡ ಕೋಣೆಗಳನ್ನು ಹೃತ್ಕುಕ್ಷಿ ಎನ್ನುತ್ತಾರೆ. ಅಲ್ಲಿನ ಸ್ನಾಯುಕೋಶ ಸುಮ್ಮನಿದ್ದಾಗ ಅದರ ಒಳಭಾಗ ಹೊರಭಾಗಕ್ಕಿಂತ ಸುಮಾರು 90 ಮಿಲಿವೋಲ್ಟ್‌ನಷ್ಟು ಋಣ ವಿದ್ಯುತ್ತಿನಲ್ಲಿರುತ್ತದೆ. ಕೋಶದ ಪೊರೆಯಲ್ಲಿ ಪ್ರೋಟೀನಿನಿಂದಾದ ಸಾವಿರಾರು ದ್ವಾರಗಳಿವೆ. ಇವಕ್ಕೆ ಅಯಾನ್ ಚಾನೆಲ್ ಎಂದು ಹೆಸರು. ಕಾಲುವೆಯ ತೂಬಿನ ಹಾಗೆ ಒಂದೊಂದೂ ತನ್ನ ಹೊತ್ತಿಗೆ ತೆರೆದು, ತನ್ನ ಹೊತ್ತಿಗೆ ಮುಚ್ಚುತ್ತದೆ. ಪಕ್ಕದ ಕೋಶದಿಂದ ಪ್ರಚೋದನೆ ಬಂದೊಡನೆ ಮೊದಲು ತೆರೆಯುವುದು ಸೋಡಿಯಂ ಚಾನೆಲ್. ವಿದ್ಯುದಂಶ ಹೊತ್ತ ಸೋಡಿಯಂ ಕಣಗಳು ಒಳನುಗ್ಗುತ್ತವೆ; ಒಂದೆರಡು ಮಿಲಿಸೆಕೆಂಡಿನಲ್ಲಿ ಕೋಶದ ಒಳಭಾಗ ಋಣದಿಂದ ಧನಕ್ಕೆ ಜಿಗಿಯುತ್ತದೆ. ಈ ಜಿಗಿತ ಎಷ್ಟು ಕಡಿದಾಗಿದೆಯೋ ಪ್ರಚೋದನೆ ಅಷ್ಟು ವೇಗವಾಗಿ ಮುಂದಿನ ಕೋಶಕ್ಕೆ ಹರಡುತ್ತದೆ.

ಸೋಡಿಯಂ ದ್ವಾರ ಮುಚ್ಚಿಕೊಳ್ಳುವಷ್ಟರಲ್ಲಿ ಕ್ಯಾಲ್ಸಿಯಂ ಚಾನೆಲ್ ತೆರೆದಿರುತ್ತದೆ. ಒಳಗೆ ಬಂದ ಕ್ಯಾಲ್ಸಿಯಂ ಸ್ನಾಯುವನ್ನು ಸಂಕುಚಿತಗೊಳಿಸುತ್ತದೆ. ಅದೇ ಹೊತ್ತಿಗೆ ಪೊಟ್ಯಾಸಿಯಂ ಕಣಗಳು ಹೊರಕ್ಕೆ ಹರಿಯತೊಡಗುತ್ತವೆ. ಧನ ವಿದ್ಯುತ್ತು ಒಂದು ಕಡೆಯಿಂದ ಒಳಕ್ಕೆ, ಇನ್ನೊಂದು ಕಡೆಯಿಂದ ಹೊರಕ್ಕೆ ಹರಿಯುವುದರಿಂದ ವೋಲ್ಟೇಜು ಹೆಚ್ಚುಕಡಿಮೆ ಸಮತಟ್ಟಾಗಿ ನಿಲ್ಲುತ್ತದೆ. ಕೊನೆಗೆ ಕ್ಯಾಲ್ಸಿಯಂ ದ್ವಾರಗಳು ಮುಚ್ಚಿ, ಪೊಟ್ಯಾಸಿಯಂ ಹೊರಹರಿವು ಮೇಲುಗೈ ಪಡೆದು ಕೋಶ ಮೊದಲಿನ ಸ್ಥಿತಿಗೆ ಮರಳುತ್ತದೆ. ಈ ಇಡೀ ಏರಿಳಿತಕ್ಕೆ ಕ್ರಿಯಾವಿಭವ ಎಂದು ಹೆಸರು. ಅದು ಮುಗಿಯಲು ಸುಮಾರು 300 ಮಿಲಿಸೆಕೆಂಡ್ ಬೇಕು. ಇಷ್ಟೂ ಹೊತ್ತು ಆ ಕೋಶವನ್ನು ಇನ್ನೊಂದು ಪ್ರಚೋದನೆ ಸುಲಭವಾಗಿ ಕೆಣಕಲಾರದು. ಹೃದಯದ ಲಯವನ್ನು ಕಾಯುವುದು ಈ ಬಿಡುವೇ.

ಹೃದಯದ ಗತಿಯನ್ನು ಹುಟ್ಟಿಸುವ ಸೈನಸ್ ಗಂಟು, ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಪ್ರಚೋದನೆ ದಾಟಿಸುವ ಎವಿ ಗಂಟು, ಇವೆರಡರಲ್ಲಿ ನಿಯಮ ಬೇರೆ. ಅಲ್ಲಿ ಮೊದಲ ಜಿಗಿತವನ್ನು ಕೊಡುವುದು ಸೋಡಿಯಂ ಅಲ್ಲ, ಕ್ಯಾಲ್ಸಿಯಂ. ಆದ್ದರಿಂದಲೇ ಅಲ್ಲಿ ಪ್ರಚೋದನೆಯ ಓಟ ನಿಧಾನ.

ಆಕ್ಸ್‌ಫರ್ಡ್‌ನ ಔಷಧ ವಿಜ್ಞಾನಿ ವಾನ್ ವಿಲಿಯಮ್ಸ್ 1970ರಲ್ಲಿ ರೂಪಿಸಿದ ವರ್ಗೀಕರಣ ಈ ದ್ವಾರಗಳನ್ನೇ ಆಧರಿಸಿದೆ. ಅದು ಆಮೇಲೆ ಬೆಳೆದು ನಾಲ್ಕು ವರ್ಗವಾಯಿತು. ಮೊದಲನೆಯದು ಸೋಡಿಯಂ ದ್ವಾರವನ್ನು ಅಡ್ಡಗಟ್ಟುತ್ತದೆ. ಎರಡನೆಯದು ಬೀಟಾ ತಡೆಗಳು. ಇವು ಅಡ್ರಿನಾಲಿನ್‌ನ ಪ್ರಭಾವವನ್ನು ತಗ್ಗಿಸಿ, ಅದರ ಮೂಲಕ ಗಂಟುಗಳ ವೇಗವನ್ನೂ ಕ್ಯಾಲ್ಸಿಯಂ ಒಳಹರಿವನ್ನೂ ಕುಗ್ಗಿಸುತ್ತವೆ. ಮೂರನೆಯದು ಪೊಟ್ಯಾಸಿಯಂ ದ್ವಾರವನ್ನು ಮುಚ್ಚಿ ಕ್ರಿಯಾವಿಭವವನ್ನು ಉದ್ದ ಮಾಡುತ್ತದೆ. ನಾಲ್ಕನೆಯದು ವೆರಾಪಮಿಲ್, ಡಿಲ್ಟಿಯಾಜೆಮ್‌ನಂಥ ಕ್ಯಾಲ್ಸಿಯಂ ತಡೆಗಳು. ಇವುಗಳ ಮುಖ್ಯ ಕೆಲಸ ಎವಿ ಗಂಟಿನಲ್ಲಿ. ಈ ನಾಲ್ಕು ಡಬ್ಬಿಗಳಲ್ಲಿ ಔಷಧಗಳು ಅಚ್ಚುಕಟ್ಟಾಗಿ ಕೂರುವುದಿಲ್ಲ ಎಂಬುದನ್ನು ಹೇಳಿಯೇ ಮುಂದೆ ಹೋಗಬೇಕು. ಅಮಿಯೊಡರೋನ್ ನಾಲ್ಕು ವರ್ಗಗಳ ಕೆಲಸವನ್ನೂ ಸ್ವಲ್ಪ ಸ್ವಲ್ಪ ಮಾಡುತ್ತದೆ. ಸೊಟಲೋಲ್ ಎರಡನೆಯ ಮತ್ತು ಮೂರನೆಯ ವರ್ಗಗಳೆರಡಕ್ಕೂ ಸೇರುತ್ತದೆ.

ಈಗ ಕ್ಯಾಸ್ಟ್‌ಗೆ ಮರಳೋಣ. ಫ್ಲೆಕೈನೈಡ್ ಸೋಡಿಯಂ ದ್ವಾರಕ್ಕೆ ಅಂಟಿಕೊಂಡರೆ ಬಿಟ್ಟು ಹೋಗಲು ಹತ್ತು ಸೆಕೆಂಡಿಗೂ ಹೆಚ್ಚು ಬೇಕು. ಅದೇ ವರ್ಗದ ಲಿಡೊಕೈನ್ ಒಂದು ಸೆಕೆಂಡಿನೊಳಗೇ ಬಿಡುತ್ತದೆ. ದ್ವಾರ ತೆರೆದಾಗಲೇ ಔಷಧ ಹೆಚ್ಚು ಅಂಟುವುದರಿಂದ, ಹೃದಯ ವೇಗವಾಗಿ ಬಡಿದಷ್ಟೂ ಫ್ಲೆಕೈನೈಡ್‌ನ ತಡೆ ಒಂದರ ಮೇಲೊಂದು ಕೂಡಿಕೊಳ್ಳುತ್ತ ಹೋಗುತ್ತದೆ. ಆರೋಗ್ಯವಾದ ಹೃದಯದಲ್ಲಿ ಇದರಿಂದ ಪ್ರಚೋದನೆ ತುಸು ನಿಧಾನವಾಗಿ ಹರಡುತ್ತದೆ, ಅಷ್ಟೆ. ಹೃದಯಾಘಾತದ ಗಾಯ ಮಾಗಿದ ಹೃದಯದಲ್ಲಿ ಸತ್ತ ಸ್ನಾಯುವಿನ ಕಲೆಯ ಸುತ್ತ ಅರೆಜೀವದ ಎಳೆಗಳಿರುತ್ತವೆ. ಅಲ್ಲಿ ಓಟ ಮೊದಲೇ ನಿಧಾನ. ಇನ್ನಷ್ಟು ನಿಧಾನ ಮಾಡಿದರೆ, ಕಲೆಯನ್ನು ಸುತ್ತಿ ಬಂದ ಪ್ರಚೋದನೆಗೆ ಹೊರಟ ಜಾಗದ ಕೋಶಗಳು ಆಗಲೇ ಚೇತರಿಸಿಕೊಂಡು ಸಿದ್ಧವಾಗಿ ಸಿಗುತ್ತವೆ. ಪ್ರಚೋದನೆ ಅಲ್ಲೇ ಸುತ್ತತೊಡಗುತ್ತದೆ, ಹೃತ್ಕುಕ್ಷಿ ನಿಯಂತ್ರಣ ತಪ್ಪಿ ಓಡುತ್ತದೆ. ಔಷಧ ಅಕಾಲದ ಬಡಿತಗಳ ಸಂಖ್ಯೆಯನ್ನು ತಗ್ಗಿಸಿತು, ಆದರೆ ಉಳಿದ ಒಂದು ಬಡಿತ ಕೊಲ್ಲುವ ಸುತ್ತಾಗಿ ಮಾರ್ಪಡುವ ಸಾಧ್ಯತೆಯನ್ನು ಹೆಚ್ಚಿಸಿತು. ಬೀಟಾ ತಡೆಗಳ ಲೆಕ್ಕ ಇದಕ್ಕೆ ತಿರುವುಮುರುವು. ಅಕಾಲದ ಬಡಿತಗಳನ್ನು ಅಷ್ಟೇನೂ ಅಡಗಿಸದ ಪ್ರೊಪ್ರನೊಲೋಲ್ 1980ರ ದಶಕದ ಆರಂಭದ ಒಂದು ದೊಡ್ಡ ಅಧ್ಯಯನದಲ್ಲಿ ಹೃದಯಾಘಾತದ ನಂತರದ ಸಾವನ್ನು ಶೇ. 9.8ರಿಂದ ಶೇ. 7.2ಕ್ಕೆ ಇಳಿಸಿತ್ತು.

ಕ್ಯಾಸ್ಟ್‌ನ ನಂತರ ಎಲ್ಲರ ನೋಟ ಮೂರನೆಯ ವರ್ಗದ ಕಡೆ ತಿರುಗಿತು. ಪ್ರಚೋದನೆಯನ್ನು ನಿಧಾನ ಮಾಡುವ ಬದಲು ಕೋಶದ ಬಿಡುವಿನ ಅವಧಿಯನ್ನು ಉದ್ದ ಮಾಡಿದರೆ, ಸುತ್ತಿ ಬಂದ ಪ್ರಚೋದನೆಗೆ ಸಿದ್ಧವಾದ ಕೋಶವೇ ಸಿಗುವುದಿಲ್ಲವಲ್ಲ ಎಂಬುದು ಈ ಸಲದ ತರ್ಕ. ಸೊಟಲೋಲ್‌ನಿಂದ ಬೀಟಾ ತಡೆಯ ಗುಣವನ್ನು ಬಹುಪಾಲು ಕಳೆದು, ಪೊಟ್ಯಾಸಿಯಂ ತಡೆಯನ್ನಷ್ಟೇ ಉಳಿಸಿಕೊಂಡ ಡಿ-ಸೊಟಲೋಲ್ ಎಂಬ ರೂಪವನ್ನು 3121 ರೋಗಿಗಳಲ್ಲಿ ಪರೀಕ್ಷಿಸಿದರು. ಸ್ವೋರ್ಡ್ ಎಂಬ ಆ ಅಧ್ಯಯನದ ಫಲಿತಾಂಶ 1996ರಲ್ಲಿ ಹೊರಬಂತು. ಸಪ್ಪೆ ಮಾತ್ರೆಯವರಲ್ಲಿ ಸಾವು ಶೇ. 3.1, ಔಷಧದವರಲ್ಲಿ ಶೇ. 5. ಇದನ್ನೂ ಅರ್ಧಕ್ಕೇ ನಿಲ್ಲಿಸಿದರು.

ಪೊಟ್ಯಾಸಿಯಂ ಹೊರಹೋಗುವ ದಾರಿಗಳು ಒಂದಕ್ಕಿಂತ ಹೆಚ್ಚಿವೆ. ಕ್ರಿಯಾವಿಭವವನ್ನು ಮುಗಿಸುವ ಕೆಲಸದಲ್ಲಿ ಮುಖ್ಯವಾದವು ಎರಡು: ಒಂದು ಚುರುಕಾಗಿ ಕೆಲಸಕ್ಕೆ ಬರುವುದು, ಇನ್ನೊಂದು ನಿಧಾನವಾಗಿ ತೆರೆಯುವುದು. ಚುರುಕಿನ ದಾರಿಯ ಪ್ರೋಟೀನಿಗೆ ಹರ್ಗ್ ಎಂದು ಹೆಸರು. ಹೃದಯದ ಆ ವಿದ್ಯುತ್ ಹರಿವು ಇದರದೇ ಎಂಬುದು ಖಚಿತವಾದದ್ದು 1995ರಲ್ಲಿ. ಸೊಟಲೋಲ್, ಡೊಫೆಟಿಲೈಡ್, ಇಬುಟಿಲೈಡ್‌ಗಳ ಗುರಿ ಮುಖ್ಯವಾಗಿ ಇದೇ. ಹರ್ಗ್‌ನ ಒಳಕೋಣೆ ಉಳಿದ ಪೊಟ್ಯಾಸಿಯಂ ದ್ವಾರಗಳದ್ದಕ್ಕಿಂತ ವಿಶಾಲ. ಅದರ ಗೋಡೆಯಲ್ಲಿ ಉಂಗುರದಾಕಾರದ ಇಂಗಾಲದ ರಚನೆಗಳು ಒಳಕ್ಕೆ ಚಾಚಿಕೊಂಡಿವೆ. ಆಕಾರದಲ್ಲಿ, ಉದ್ದೇಶದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಎಷ್ಟೋ ಔಷಧಗಳು ಆ ಕೋಣೆಗೆ ಹೊಕ್ಕು ಅಂಟಿಕೊಳ್ಳುತ್ತವೆ. ಹೃದಯದೊಂದಿಗೆ ಯಾವ ವ್ಯವಹಾರವೂ ಇಲ್ಲದ ಮಾತ್ರೆಗಳು ಹೃದಯದ ಮೇಲೆ ಮೂರನೆಯ ವರ್ಗದ ಔಷಧದಂತೆ ವರ್ತಿಸುವುದು ಹೀಗೆ.

ಹರ್ಗ್ ಮುಚ್ಚಿದಾಗ ಕ್ರಿಯಾವಿಭವದ ಸಮತಟ್ಟು ಭಾಗ ಎಳೆದುಕೊಳ್ಳುತ್ತದೆ. ಅದು ಅತಿಯಾಗಿ ಎಳೆದರೆ, ಆಗಲೇ ಮುಚ್ಚಿ ವಿಶ್ರಮಿಸುತ್ತಿದ್ದ ಕ್ಯಾಲ್ಸಿಯಂ ದ್ವಾರಗಳಲ್ಲಿ ಕೆಲವು ಮತ್ತೆ ತೆರೆಯುವಷ್ಟು ಸಮಯ ಸಿಗುತ್ತದೆ. ಕೋಶ ವಿಶ್ರಾಂತಿಗೆ ಇಳಿಯುವ ದಾರಿಯಲ್ಲೇ ಇನ್ನೊಮ್ಮೆ ಮೇಲೇಳುತ್ತದೆ. ಹೃದಯದ ಗೋಡೆಯ ಎಲ್ಲ ಪದರಗಳೂ ಒಂದೇ ಅಳತೆಯಲ್ಲಿ ಎಳೆದುಕೊಳ್ಳದ ಕಾರಣ, ಒಂದು ಕಡೆ ಎದ್ದ ಈ ಹೊಸ ಪ್ರಚೋದನೆ ಚೇತರಿಸಿಕೊಂಡ ಪಕ್ಕದ ಭಾಗಕ್ಕೆ ಹಬ್ಬಿ ಸುತ್ತತೊಡಗುತ್ತದೆ. ಇಸಿಜಿಯಲ್ಲಿ ಅಲೆಗಳ ತುದಿಗಳು ಗೆರೆಯ ಸುತ್ತ ತಿರುಚಿಕೊಂಡಂತೆ ಕಾಣುವ ಈ ವೇಗದ ಲಯವನ್ನು ಫ್ರೆಂಚ್ ವೈದ್ಯ ದೆಸೆರ್ತೆನ್ 1966ರಲ್ಲಿ ವಿವರಿಸಿ ಅದೇ ಅರ್ಥದ ಟೊರ್ಸಾಡ್ ಎಂಬ ಹೆಸರು ಕೊಟ್ಟ. ಅದು ಕೆಲವು ಸೆಕೆಂಡಿನಲ್ಲಿ ತಾನಾಗಿ ನಿಂತರೆ ರೋಗಿಗೆ ತಲೆ ಸುತ್ತುತ್ತದೆ, ಇಲ್ಲವೆ ಎಚ್ಚರ ತಪ್ಪುತ್ತದೆ. ನಿಲ್ಲದಿದ್ದರೆ ಹೃತ್ಕುಕ್ಷಿ ಬರಿದೇ ಅದುರಿ ಸಾವು ಬರುತ್ತದೆ.

ಈ ಎಳೆತವನ್ನು ಹೊರಗಿನಿಂದಲೇ ಅಳೆಯಬಹುದು. ಇಸಿಜಿಯಲ್ಲಿ ಹೃತ್ಕುಕ್ಷಿಯ ಪ್ರಚೋದನೆ ಶುರುವಾದಲ್ಲಿಂದ ಚೇತರಿಕೆಯ ಟಿ ಅಲೆ ಮುಗಿಯುವವರೆಗಿನ ಕಾಲವೇ ಕ್ಯೂಟಿ. ಬಡಿತ ನಿಧಾನವಾದಂತೆ ಅದು ಸಹಜವಾಗಿಯೇ ಉದ್ದವಾಗುವುದರಿಂದ ಬಡಿತಕ್ಕೆ ತಕ್ಕಂತೆ ತಿದ್ದಿದ ಸಂಖ್ಯೆಯನ್ನು ಬಳಸುತ್ತಾರೆ, ಅದು ಕ್ಯೂಟಿಸಿ. ಗಂಡಸರಲ್ಲಿ 450, ಹೆಂಗಸರಲ್ಲಿ 460 ಮಿಲಿಸೆಕೆಂಡಿನ ಆಸುಪಾಸಿನವರೆಗೆ ಸಾಮಾನ್ಯ. 500 ದಾಟಿದರೆ ಟೊರ್ಸಾಡ್‌ನ ಅಪಾಯ ಎರಡು ಮೂರು ಪಟ್ಟು ಏರುತ್ತದೆ. ಸಂಖ್ಯೆಯೊಂದೇ ಎಲ್ಲವನ್ನೂ ಹೇಳುವುದಿಲ್ಲ. ಅಮಿಯೊಡರೋನ್ ಕ್ಯೂಟಿಸಿಯನ್ನು 500ರಾಚೆ ಒಯ್ದರೂ ಟೊರ್ಸಾಡ್ ಅಪರೂಪ, ಏಕೆಂದರೆ ಅದು ಮತ್ತೆ ಏಳಬೇಕಾದ ಕ್ಯಾಲ್ಸಿಯಂ ಹರಿವನ್ನೂ ಜೊತೆಗೇ ತಡೆಯುತ್ತದೆ, ಎಲ್ಲ ಪದರಗಳನ್ನೂ ಹೆಚ್ಚುಕಡಿಮೆ ಸಮನಾಗಿ ಎಳೆಯುತ್ತದೆ. ಥೈರಾಯ್ಡ್, ಶ್ವಾಸಕೋಶಗಳಿಗೆ ಅದು ಮಾಡಬಲ್ಲ ಹಾನಿಯ ಮಾತು ಬೇರೆ.

ಮುಖ್ಯವಾದ ಎರಡು ಸಂಗತಿಗಳು ಇನ್ನೂ ಇವೆ, ಎರಡೂ ನಮ್ಮ ಸಹಜ ಊಹೆಗೆ ವಿರುದ್ಧವಾದವು. ಹೃದಯ ವೇಗವಾಗಿ ಬಡಿಯುವಾಗ ನಿಧಾನದ ಪೊಟ್ಯಾಸಿಯಂ ದಾರಿ ಪೂರ್ತಿ ಮುಚ್ಚಲು ಸಮಯವಿಲ್ಲದೆ ತೆರೆದೇ ಉಳಿಯುತ್ತ ಕೆಲಸವನ್ನು ಹಂಚಿಕೊಳ್ಳುತ್ತದೆ. ನಿಧಾನವಾಗಿ ಬಡಿಯುವಾಗ ಭಾರವೆಲ್ಲ ಹರ್ಗ್ ಮೇಲೆಯೇ ಬೀಳುತ್ತದೆ. ಹಾಗಾಗಿ ಹರ್ಗ್ ತಡೆಯುವ ಔಷಧದ ಪರಿಣಾಮ ಓಡುತ್ತಿರುವ ಹೃದಯದಲ್ಲಿ, ಅಂದರೆ ಬೇಕಾದಾಗ, ಕಡಿಮೆ. ನಿಧಾನಗತಿಯಲ್ಲಿ, ಅಂದರೆ ಬೇಡವಾದಾಗ, ಹೆಚ್ಚು. ಇನ್ನೊಂದು, ರಕ್ತದ ಪೊಟ್ಯಾಸಿಯಂ. ಹೊರಗೆ ಪೊಟ್ಯಾಸಿಯಂ ಕಡಿಮೆಯಾದರೆ ಒಳಗಿನದು ಇನ್ನೂ ಸರಾಗವಾಗಿ ಹೊರಬರಬೇಕು ಎಂದು ತೋರುತ್ತದೆ. ಆದರೆ ಹರ್ಗ್ ದ್ವಾರ ತೆರೆದಿರಲು ಹೊರಗಿನ ಪೊಟ್ಯಾಸಿಯಂ ಬೇಕು. ಅದು ತಗ್ಗಿದರೆ ದ್ವಾರದ ಹರಿವೇ ಕುಗ್ಗುತ್ತದೆ, ಮೇಲಾಗಿ ಔಷಧಗಳ ತಡೆ ಬಲವಾಗುತ್ತದೆ. ವಾಂತಿಭೇದಿ, ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಗಳು ಪೊಟ್ಯಾಸಿಯಂ ಇಳಿಸುವ ಸಾಮಾನ್ಯ ಕಾರಣಗಳು.

ಹೃದಯಕ್ಕಲ್ಲದ ಮಾತ್ರೆಗಳು ಹರ್ಗ್ ಮುಚ್ಚಿ ಕೊಂದದ್ದಕ್ಕೆ ದಾಖಲೆಗಳಿವೆ. ಅಲರ್ಜಿಯ ಟೆರ್ಫೆನಡೀನ್, ಎದೆಯುರಿಯ ಸಿಸಪ್ರೈಡ್ ಎರಡೂ ಹಲವು ದೇಶಗಳಲ್ಲಿ ಈ ಕಾರಣಕ್ಕೇ ಮಾರುಕಟ್ಟೆಯಿಂದ ಹೊರಬಿದ್ದವು, ಭಾರತದಲ್ಲೂ ನಿಷೇಧವಾದವು. 2005ರಲ್ಲಿ ಅಂತರರಾಷ್ಟ್ರೀಯ ನಿಯಮಗಳು ಬಂದ ಮೇಲೆ ಹೊಸ ಔಷಧಗಳನ್ನು ಹರ್ಗ್ ಮೇಲೆ ಪರೀಕ್ಷಿಸದೆ ಬಿಡುವುದಿಲ್ಲ. ಆರೋಗ್ಯವಂತರಿಗೆ ಕೊಟ್ಟು ಕ್ಯೂಟಿಸಿ 5 ಮಿಲಿಸೆಕೆಂಡಿನಷ್ಟು ಏರಿದರೂ ಗಮನಿಸುತ್ತಾರೆ. ಪದ್ಧತಿ ಒಳ್ಳೆಯದೇ. ಆದರೆ ಅದು ನೋಡುವುದು ಒಂದು ಔಷಧವನ್ನು, ಪೊಟ್ಯಾಸಿಯಂ ಸರಿಯಿರುವ ದೇಹದಲ್ಲಿ. ನಮ್ಮ ಮನೆಗಳಲ್ಲಿ ಔಷಧ ನುಂಗುವ ರೀತಿ ಹಾಗಿಲ್ಲ.

ಬೆಳಗ್ಗೆ ಎದ್ದು ಬರಿಹೊಟ್ಟೆಯಲ್ಲಿ ನುಂಗುವ ಗ್ಯಾಸ್ ಮಾತ್ರೆಯನ್ನೇ ನೋಡಿ. ನಮ್ಮಲ್ಲಿ ಅದು ಬಹಳ ಸಲ ಎರಡು ಔಷಧಗಳ ಜೋಡಿ: ಆಮ್ಲ ತಗ್ಗಿಸುವ 40 ಮಿಲಿಗ್ರಾಂ ಪ್ಯಾಂಟೊಪ್ರಜೋಲ್, ಜೊತೆಗೆ ನಿಧಾನವಾಗಿ ಬಿಡುಗಡೆಯಾಗುವ 30 ಮಿಲಿಗ್ರಾಂ ಡೊಂಪೆರಿಡೋನ್. ಡೊಂಪೆರಿಡೋನ್ ಹರ್ಗ್ ತಡೆಯುತ್ತದೆ. ಯೂರೋಪಿನ ಔಷಧ ನಿಯಂತ್ರಕರು 2014ರಲ್ಲಿ ಅದನ್ನು ವಾಕರಿಕೆ, ವಾಂತಿಗೆ ಮಾತ್ರ ಸೀಮಿತಗೊಳಿಸಿ, ವಯಸ್ಕರಿಗೆ ದಿನಕ್ಕೆ 30 ಮಿಲಿಗ್ರಾಂ ಮೀರದಂತೆ, ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಕೊಡದಂತೆ ಹೇಳಿದರು. ಅರವತ್ತು ದಾಟಿದವರಲ್ಲಿ ಅಪಾಯ ಹೆಚ್ಚೆಂದೂ ಗುರುತಿಸಿದರು. ನಮ್ಮಲ್ಲಿ ಅದೇ 30 ಮಿಲಿಗ್ರಾಂ ವರ್ಷಗಟ್ಟಲೆ ನಡೆಯುತ್ತದೆ, ನುಂಗುವವರಲ್ಲಿ ಅರವತ್ತು ದಾಟಿದವರು ಬೇಕಾದಷ್ಟು. ಜೋಡಿಯ ಇನ್ನೊಂದು ಔಷಧವೂ ನಿರಪಾಯವೇನಲ್ಲ. ಪ್ಯಾಂಟೊಪ್ರಜೋಲ್ ವರ್ಗದ ಔಷಧಗಳನ್ನು ದೀರ್ಘಕಾಲ ತೆಗೆದುಕೊಂಡರೆ ಕೆಲವರಲ್ಲಿ ಮೆಗ್ನೀಸಿಯಂ ಇಳಿಯುತ್ತದೆಂದು ಅಮೆರಿಕದ ನಿಯಂತ್ರಕರು 2011ರಲ್ಲೇ ಎಚ್ಚರಿಸಿದ್ದರು. ಮೆಗ್ನೀಸಿಯಂ ಇಳಿದರೆ ಪೊಟ್ಯಾಸಿಯಂ ಕೂಡ ದೇಹದಲ್ಲಿ ನಿಲ್ಲುವುದಿಲ್ಲ.

ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಕೂಡ ಈ ಸಾಲಿನದೇ. ಒಂದೇ ಸಲಕ್ಕೆ 8 ಮಿಲಿಗ್ರಾಂ ರಕ್ತನಾಳಕ್ಕೆ ಕೊಟ್ಟಾಗ ಕ್ಯೂಟಿಸಿ 6 ಮಿಲಿಸೆಕೆಂಡಿನಷ್ಟು, 32 ಮಿಲಿಗ್ರಾಂ ಕೊಟ್ಟಾಗ 20ರಷ್ಟು ಏರಿತು. 2012ರಲ್ಲಿ ಅಮೆರಿಕದಲ್ಲಿ 32 ಮಿಲಿಗ್ರಾಂ ಡೋಸನ್ನೇ ಕೈಬಿಟ್ಟರು. ಅಜಿತ್ರೊಮೈಸಿನ್‌ದು ಇನ್ನೂ ಚರ್ಚೆಯ ವಿಷಯ, ಆ ಚರ್ಚೆಯೇ ಪಾಠ ಹೇಳುತ್ತದೆ. 2012ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ದಾಖಲೆಗಳಿಂದ ತೆಗೆದ ಲೆಕ್ಕದಲ್ಲಿ, ಅಮಾಕ್ಸಿಸಿಲಿನ್ ತೆಗೆದುಕೊಂಡವರಿಗೆ ಹೋಲಿಸಿದರೆ ಅಜಿತ್ರೊಮೈಸಿನ್‌ನ ಪ್ರತಿ ಹತ್ತು ಲಕ್ಷ ಕೋರ್ಸಿಗೆ ಹೃದಯ ಸಂಬಂಧಿ ಸಾವುಗಳು 47 ಹೆಚ್ಚು. ಹೃದ್ರೋಗದ ಅಪಾಯ ಅತಿ ಹೆಚ್ಚಿರುವ ಹತ್ತನೇ ಒಂದು ಭಾಗದ ಜನರಲ್ಲಿ ಇದು 245. ಮರುವರ್ಷ ಡೆನ್ಮಾರ್ಕಿನಲ್ಲಿ ತರುಣರನ್ನೂ ಮಧ್ಯವಯಸ್ಕರನ್ನೂ ನೋಡಿದಾಗ, ಪೆನಿಸಿಲಿನ್ ತೆಗೆದುಕೊಂಡವರಿಗಿಂತ ಹೆಚ್ಚಿನ ಅಪಾಯ ಕಾಣಲಿಲ್ಲ. ಎರಡನ್ನೂ ಜೊತೆಗಿಟ್ಟು ಓದಿದರೆ, ಹರ್ಗ್ ಮೇಲೆ ಮೊದಲೇ ಭಾರವಿರುವವರಲ್ಲೇ ಹೊಸ ಭಾರ ಅಪಾಯವಾಗುತ್ತದೆ ಎಂಬ ಕಡೆಗೆ ಬೆರಳು ತೋರುತ್ತದೆ. ಚುರುಕಿನ ದಾರಿ ಅರ್ಧ ಮುಚ್ಚಿದರೂ ನಿಧಾನದ ದಾರಿ ನಿಭಾಯಿಸುತ್ತದೆ. ಆ ಮೀಸಲು ಕರಗುತ್ತ ಹೋಗುವಾಗ ಹೊರಗೆ ಯಾವ ಲಕ್ಷಣವೂ ಕಾಣುವುದಿಲ್ಲ.

ಲೆಕ್ಕ ಕೂಡುವ ರೀತಿಯನ್ನು ತೋರಿಸಲು ಒಂದು ಉದಾಹರಣೆ ಕಟ್ಟುತ್ತೇನೆ. ವ್ಯಕ್ತಿ ಕಲ್ಪಿತ, ಔಷಧಗಳೂ ಅವು ಮಾಡುವ ಕೆಲಸವೂ ಕಲ್ಪಿತವಲ್ಲ. ಅರವತ್ತೆಂಟು ವರ್ಷದ ಹೆಂಗಸು. ಹೃತ್ಕರ್ಣದ ಕಂಪನ, ಅಂದರೆ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ತೊಂದರೆ, ಮರುಕಳಿಸದಿರಲೆಂದು ಸೊಟಲೋಲ್ 80 ಮಿಲಿಗ್ರಾಂ ದಿನಕ್ಕೆರಡು ಸಲ. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಹೈಡ್ರೊಕ್ಲೋರೊಥಯಾಜೈಡ್ ಸೇರಿದೆ. ಬೆಳಗ್ಗೆ ಗ್ಯಾಸ್ ಮಾತ್ರೆ. ಸೊಟಲೋಲ್ ಶುರು ಮಾಡಿದಾಗ ತೆಗೆದ ಇಸಿಜಿಯಲ್ಲಿ ಕ್ಯೂಟಿಸಿ 455, ಒಪ್ಪಬಹುದಾದದ್ದು. ಬೇಸಿಗೆಯಲ್ಲಿ ಮೂರು ದಿನ ಭೇದಿ, ವಾಕರಿಕೆ. ಪಕ್ಕದ ಮೆಡಿಕಲ್ ಶಾಪಿನಿಂದ ಮಗ ಅಜಿತ್ರೊಮೈಸಿನ್, ಒಂಡಾನ್ಸೆಟ್ರಾನ್ ತಂದುಕೊಡುತ್ತಾನೆ. ಅವನು ಮಾಡಿದ್ದರಲ್ಲಿ ಅಸಹಜವಾದದ್ದೇನೂ ಇಲ್ಲ.

ದೇಹದೊಳಗೆ ನಡೆಯುವುದು ಇದು. ಭೇದಿಯಿಂದಲೂ ಬಿಪಿ ಮಾತ್ರೆಯಿಂದಲೂ ಪೊಟ್ಯಾಸಿಯಂ ಲೀಟರಿಗೆ 2.9 ಮಿಲಿಮೋಲಿಗೆ ಇಳಿದಿದೆ, 3.5ರ ಕೆಳಗೆ ಹೋಗಬಾರದು. ನೀರಿಲ್ಲದೆ ಮೂತ್ರಪಿಂಡದ ಕೆಲಸ ಕುಂದಿದೆ. ಸೊಟಲೋಲ್ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕವೇ; ಹೋಗಬೇಕಾದದ್ದು ಹೋಗದೆ ಅದರ ಮಟ್ಟ ರಕ್ತದಲ್ಲಿ ಏರಿದೆ, ಡೋಸು ಹೆಚ್ಚಿಸಿದ್ದಕ್ಕೆ ಇದು ಸಮ. ಅದರ ಬೀಟಾ ತಡೆಯ ಗುಣದಿಂದ ಬಡಿತ ನಿಮಿಷಕ್ಕೆ 50ಕ್ಕೆ ಇಳಿದಿದೆ, ಅಂದರೆ ಹರ್ಗ್ ಮೇಲಿನ ಅವಲಂಬನೆ ಹೆಚ್ಚಿದೆ. ಸೊಟಲೋಲ್, ಡೊಂಪೆರಿಡೋನ್, ಒಂಡಾನ್ಸೆಟ್ರಾನ್, ಅಜಿತ್ರೊಮೈಸಿನ್ ನಾಲ್ಕೂ ಅದೇ ದ್ವಾರದಲ್ಲಿವೆ. ಹೆಂಗಸು ಎಂಬುದೂ ಲೆಕ್ಕಕ್ಕೆ ಬರುತ್ತದೆ: ಔಷಧದಿಂದಾಗುವ ಟೊರ್ಸಾಡ್ ಪ್ರಕರಣಗಳಲ್ಲಿ ಸುಮಾರು ಮೂರನೇ ಎರಡು ಭಾಗ ಹೆಂಗಸರು.

ಈಗ ಇಸಿಜಿ ತೆಗೆದರೆ ಕ್ಯೂಟಿ 600 ಮಿಲಿಸೆಕೆಂಡ್ ಇದೆ ಎನ್ನೋಣ. ಬಡಿತ 50 ಆದ್ದರಿಂದ ಎರಡು ಬಡಿತಗಳ ನಡುವಿನ ಅಂತರ 1.2 ಸೆಕೆಂಡ್. ಬ್ಯಾಜೆಟ್ ಎಂಬ ವೈದ್ಯನ ಹಳೆಯ ಸೂತ್ರದಂತೆ 600ನ್ನು 1.2ರ ವರ್ಗಮೂಲವಾದ 1.095ರಿಂದ ಭಾಗಿಸಿದರೆ ಕ್ಯೂಟಿಸಿ 548. ವೈದ್ಯರು ಕಣ್ಣಳತೆಗೆ ಬಳಸುವ ಒಂದು ಉಪಾಯವಿದೆ: ಟಿ ಅಲೆ ಎರಡು ಬಡಿತಗಳ ನಡುವಿನ ಅಂತರದ ಅರ್ಧದೊಳಗೆ ಮುಗಿದರೆ ಚಿಂತೆಯಿಲ್ಲ ಎಂದು. ಇಲ್ಲಿ ಅರ್ಧ ಎಂದರೆ ಸರಿಯಾಗಿ 600. ಆ ಉಪಾಯದ ಪ್ರಕಾರ ಈಕೆ ಗಡಿಯ ಮೇಲೆ, ತೇರ್ಗಡೆಯಾದಂತೆಯೇ. ಬಡಿತ ನಿಧಾನವಾಗಿರುವಾಗ, ಅಂದರೆ ಅಪಾಯ ಹೆಚ್ಚಿರುವಾಗಲೇ ಈ ಉಪಾಯ ಕೈಕೊಡುತ್ತದೆ. ಇಸಿಜಿ ಯಂತ್ರ ತಾನಾಗಿ ಮುದ್ರಿಸುವ ಸಂಖ್ಯೆಯೂ ಟಿ ಅಲೆ ಚಪ್ಪಟೆಯಾದಾಗ ತಪ್ಪುತ್ತದೆ. ಪೊಟ್ಯಾಸಿಯಂ ಇಳಿದಾಗ ಟಿ ಚಪ್ಪಟೆಯಾಗುವುದೇ ನಿಯಮ. ಸ್ಕೇಲು ಹಿಡಿದು ಕೈಯಿಂದ ಅಳೆಯುವುದಕ್ಕೆ ಬದಲಿಲ್ಲ.

ಆಕೆ ಬಚ್ಚಲಿನಲ್ಲಿ ಎಚ್ಚರ ತಪ್ಪಿ ಬಿದ್ದರೆ ಮನೆಯವರು ಭೇದಿಯ ನಿಶ್ಶಕ್ತಿ ಎಂದುಕೊಳ್ಳುತ್ತಾರೆ. ಆಸ್ಪತ್ರೆ ತಲುಪಿದಾಗ ಮಾನಿಟರಿನಲ್ಲಿ ವೇಗದ ಲಯವೊಂದು ಬಂದು ಹೋದರೆ, ಅವಸರದಲ್ಲಿ ಅಮಿಯೊಡರೋನ್ ಕೊಡುವ ಸಂಭವವಿದೆ, ಏಕೆಂದರೆ ಹೃತ್ಕುಕ್ಷಿಯ ವೇಗದ ಲಯಕ್ಕೆ ಮೊದಲು ನೆನಪಾಗುವ ಔಷಧ ಅದು. ಇಲ್ಲಿ ಅದು ಮುಚ್ಚಿದ ಬಾಗಿಲಿಗೆ ಇನ್ನೊಂದು ಅಗುಳಿ. ಟೊರ್ಸಾಡ್‌ಗೆ ಬೇಕಾದ ಚಿಕಿತ್ಸೆ ಬೇರೆ: ರಕ್ತನಾಳಕ್ಕೆ 2 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, ಪೊಟ್ಯಾಸಿಯಂನ್ನು 4.5ರ ಮೇಲಕ್ಕೆ ಏರಿಸುವುದು, ಅದೂ ಸಾಲದಿದ್ದರೆ ತಾತ್ಕಾಲಿಕ ಪೇಸ್‌ಮೇಕರಿನಿಂದ ಬಡಿತವನ್ನು ವೇಗಗೊಳಿಸಿ ನಿಧಾನದ ಪೊಟ್ಯಾಸಿಯಂ ದಾರಿಯನ್ನು ಕೆಲಸಕ್ಕೆ ಎಳೆಯುವುದು. ನಿಲ್ಲದೆ ಓಡುತ್ತಿದ್ದರೆ ವಿದ್ಯುತ್ ಶಾಕ್. ಯಾವುದೂ ದುಬಾರಿಯದಲ್ಲ. ಗುರುತಿಸುವುದೇ ಕಷ್ಟ: ವೇಗದ ಲಯ ಶುರುವಾಗುವ ಮೊದಲು ಒಂದು ದೀರ್ಘ ವಿರಾಮ ಬಂದಿತ್ತೇ, ಅದಕ್ಕೂ ಮುಂಚಿನ ಶಾಂತ ಬಡಿತಗಳಲ್ಲಿ ಕ್ಯೂಟಿ ಎಷ್ಟಿತ್ತು ಎಂದು ಹಿಂದೆ ಹೋಗಿ ನೋಡಬೇಕು.

ಆಸ್ಪತ್ರೆ ತಲುಪದೇ ಹೋದರೆ ಏನೂ ತಿಳಿಯುವುದಿಲ್ಲ. ಟೊರ್ಸಾಡ್‌ನಿಂದ ಸತ್ತ ಹೃದಯವನ್ನು ಮರಣೋತ್ತರ ಪರೀಕ್ಷೆಯಲ್ಲಿ ಕತ್ತರಿಸಿ ನೋಡಿದರೂ ಹರ್ಗ್ ಮುಚ್ಚಿತ್ತೆಂಬುದಕ್ಕೆ ಗುರುತು ಇರುವುದಿಲ್ಲ. ಅರವತ್ತೆಂಟರವರ ಹಠಾತ್ ಸಾವನ್ನು ಹಾರ್ಟ್ ಅಟ್ಯಾಕ್ ಎಂದು ಬರೆದುಕೊಳ್ಳುತ್ತಾರೆ. ಔಷಧದ ಅಡ್ಡಪರಿಣಾಮಗಳ ಪಟ್ಟಿಗೆ ಅದು ಸೇರುವುದಿಲ್ಲ. ಈ ಹಾನಿ ಎಷ್ಟು ಎಂಬುದನ್ನು ಸಾವಿನ ದಾಖಲೆಗಳಿಂದ ಎಣಿಸಹೊರಟರೆ ಉತ್ತರ ಯಾವಾಗಲೂ ನಿಜಕ್ಕಿಂತ ಕಡಿಮೆ ಬರುತ್ತದೆ. ಏರುವ ದಿಕ್ಕನ್ನು ಮಾತ್ರ ಕಾರಣಗಳಿಂದ ಹೇಳಬಹುದು. ಆಯುಸ್ಸು ಹೆಚ್ಚಿದಂತೆ ಹೃತ್ಕರ್ಣದ ಕಂಪನವೂ ಮೂತ್ರಪಿಂಡದ ದೌರ್ಬಲ್ಯವೂ ಹೆಚ್ಚುತ್ತವೆ, ಒಬ್ಬೊಬ್ಬರ ದಿನದ ಮಾತ್ರೆಗಳ ಸಂಖ್ಯೆಯೂ ಏರುತ್ತದೆ, ಅವನ್ನು ಬರೆಯುವ ವೈದ್ಯರು ಬೇರೆ ಬೇರೆ.

ಅಳೆದು ಕೊಡುವುದು ಸಾಧ್ಯವೇ ಇಲ್ಲವೆಂದಲ್ಲ. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಕೇಂದ್ರ ಆರೋಗ್ಯ ಸಚಿವಾಲಯ 2024ರಲ್ಲಿ ಒಪ್ಪಿಗೆ ಕೊಟ್ಟ ನಾಲ್ಕು ಔಷಧಗಳ ಚಿಕಿತ್ಸೆಯಲ್ಲಿ ಬೆಡಾಕ್ವಿಲಿನ್, ಮಾಕ್ಸಿಫ್ಲಾಕ್ಸಸಿನ್ ಎರಡೂ ಕ್ಯೂಟಿ ಎಳೆಯುವಂಥವು. ಅಪಾಯ ತಿಳಿದಿರುವುದರಿಂದಲೇ ಅಲ್ಲಿ ಚಿಕಿತ್ಸೆಗೆ ಮೊದಲೂ ನಡುವೆಯೂ ಇಸಿಜಿ ತೆಗೆಯುವುದು ಪದ್ಧತಿಯ ಭಾಗ. ಸೊಟಲೋಲ್‌ಗೂ ಅಮೆರಿಕದಲ್ಲಿ ಇಂಥದೇ ಷರತ್ತಿದೆ: ಕ್ಯೂಟಿಸಿ 450 ಮೀರಿದವರಿಗೆ ಶುರು ಮಾಡುವಂತಿಲ್ಲ, ಮೊದಲ ಮೂರು ದಿನ ಮಾನಿಟರಿನಡಿ ಇರಬೇಕು, ಮೂತ್ರಪಿಂಡದ ಶೋಧನಶಕ್ತಿ ನಿಮಿಷಕ್ಕೆ ಅರವತ್ತು ಮಿಲಿಲೀಟರಿಗಿಂತ ಕೆಳಗಿದ್ದರೆ ದಿನಕ್ಕೆರಡರ ಬದಲು ಒಂದೇ ಸಲ. ಆ ಪಟ್ಟಿಯನ್ನು ಪಾಲಿಸಿದ್ದರೆ ನಮ್ಮ ಉದಾಹರಣೆಯ ಹೆಂಗಸಿಗೆ 455ರಲ್ಲಿ ಸೊಟಲೋಲ್ ಶುರುವಾಗುತ್ತಲೇ ಇರಲಿಲ್ಲ.

ಬದುಕಿ ಉಳಿದರೆ ಆಕೆಯ ಲೆಕ್ಕ ಹೀಗೆ ಮುಂದುವರಿಯುತ್ತದೆ. ಡ್ರಿಪ್ಪಿನಿಂದ ಮೂತ್ರಪಿಂಡ ಚೇತರಿಸಿಕೊಂಡರೆ ಸೊಟಲೋಲ್ ಎರಡು ಮೂರು ದಿನದಲ್ಲಿ ಬಹುಪಾಲು ಹೊರಹೋಗುತ್ತದೆ. ಅಂಗಾಂಶಗಳಲ್ಲಿ ಹೊಕ್ಕಿರುವ ಅಜಿತ್ರೊಮೈಸಿನ್ ಅರ್ಧಕ್ಕಿಳಿಯಲು ಮೂರು ದಿನದಷ್ಟು ಬೇಕು, ಹಾಗಾಗಿ ಮಾನಿಟರನ್ನು ಬೇಗ ಕಳಚುವಂತಿಲ್ಲ. ಕ್ಯೂಟಿಸಿ ಇಳಿಯುವುದನ್ನು ದಿನವೂ ಅಳೆದು ಬರೆದು, ಸಹಜಕ್ಕೆ ಬಂದ ಮೇಲೆ ಸೊಟಲೋಲ್ ಬಿಟ್ಟು ಮೆಟೊಪ್ರೊಲೋಲ್‌ನಂಥ ಬರಿಯ ಬೀಟಾ ತಡೆಗೆ ಹೋಗಬಹುದು. ಅದು ಕಂಪನ ಮರುಕಳಿಸುವುದನ್ನು ಅಷ್ಟಾಗಿ ತಡೆಯದು, ಬಡಿತದ ವೇಗವನ್ನು ಹಿಡಿಯುತ್ತದೆ, ಹರ್ಗ್ ತಂಟೆಗೆ ಹೋಗುವುದಿಲ್ಲ. ಬಿಪಿ ಮಾತ್ರೆಯಿಂದ ಥಯಾಜೈಡ್ ತೆಗೆಯಬೇಕು. ಗ್ಯಾಸ್ ಮಾತ್ರೆಯಲ್ಲಿ ಡೊಂಪೆರಿಡೋನ್ ಇಲ್ಲದ್ದನ್ನು ಕೊಡಬೇಕು, ಅದೂ ಬೇಕೇ ಎಂದು ಕೇಳಿ. ಮತ್ತು ಡಿಸ್ಚಾರ್ಜ್ ಚೀಟಿಯ ಮೇಲ್ಭಾಗದಲ್ಲಿ, ಮುಂದಿನ ವೈದ್ಯನಿಗೂ ಮೆಡಿಕಲ್ ಶಾಪಿನವನಿಗೂ ಕಾಣುವಂತೆ, ಆ 548 ಎಂಬ ಸಂಖ್ಯೆಯನ್ನೂ ಅಂದು ಆಕೆಯ ದೇಹದಲ್ಲಿದ್ದ ನಾಲ್ಕು ಔಷಧಗಳ ಹೆಸರನ್ನೂ ಬರೆಯಬೇಕು.